ಕಾರ್ಬನ್ ಪ್ರತಿ ಬಿಲ್ಲುಗಳ ಓದುವಿಕೆ

ಬಿಲ್ ಪುಸ್ತಕದ ಮೇಲಿನ ಹಾಳೆಯಲ್ಲಿ ಬರೆಯುವಾಗ ಪೆನ್ನಿನ ಒತ್ತಡದಿಂದ ಕೆಳಗಿನ ಹಾಳೆಯಲ್ಲಿ ಮೂಡುವ ನಕಲನ್ನು ಕಾರ್ಬನ್ ಪ್ರತಿ ಎನ್ನುತ್ತಾರೆ. ಭಾರತದ ಜಿಎಸ್‌ಟಿ ನಿಯಮಗಳ ಪ್ರಕಾರ ಸರಕು ಮಾರಾಟದ ತೆರಿಗೆ ಬಿಲ್ಲಿಗೆ ಮೂರು ಪ್ರತಿಗಳಿರಬೇಕು. ಮೊದಲನೆಯದು ಖರೀದಿದಾರರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಮಾರಾಟಗಾರರಿಗೆ ಸೇರುತ್ತದೆ. ಒತ್ತಡವು ಹಾಳೆಯಿಂದ ಹಾಳೆಗೆ ಕುಗ್ಗುವುದರಿಂದ, ಸಾಮಾನ್ಯವಾಗಿ ಅತ್ಯಂತ ಮಸುಕಾದ ಪ್ರತಿಯೇ ಅಂಗಡಿಯ ಲೆಕ್ಕದಲ್ಲಿ ಉಳಿಯುತ್ತದೆ.

ಮೇಲಿನ ಬರಹ ಇಳಿಯುವ ಕಾರಣ

ಒಂದು ಬಿಲ್ಲಿನ ಪ್ರತಿಗಳ ಕೆಳಗೆ ಗಟ್ಟಿ ರಟ್ಟನ್ನು ಇಟ್ಟು ಬರೆಯುವುದು ರೂಢಿ. ರಟ್ಟು ಇಡದಿದ್ದರೆ ಒತ್ತಡವು ಮುಂದಿನ ಬಿಲ್ಲಿನ ಹಾಳೆಗಳಿಗೂ ತಲುಪುತ್ತದೆ. ಕಾರ್ಬನ್ ಹಾಳೆ ಬಳಸುವ ಪುಸ್ತಕದಲ್ಲಿ ಇದರಿಂದ ಬಹುತೇಕ ತಗ್ಗು ಗೆರೆಗಳಷ್ಟೇ ಬೀಳುತ್ತವೆ. ಆದರೆ ಕಾರ್ಬನ್‌ರಹಿತ ಪ್ರತಿ ಕಾಗದದಲ್ಲಿ ಬಣ್ಣ ಮೂಡಿಸುವ ಲೇಪನ ಹಾಳೆಗಳಲ್ಲಿಯೇ ಇರುವುದರಿಂದ, ಹಿಂದಿನ ಬಿಲ್ಲಿನ ಅಂಕಿಗಳೂ ಬಣ್ಣದಲ್ಲಿ ಮೂಡುತ್ತವೆ.

ಓದುವ ಕ್ರಮ

ಮೊದಲು ಅದೇ ಪುಸ್ತಕದ ಖಾಲಿ ಬಿಲ್ಲನ್ನು ಪಕ್ಕದಲ್ಲಿಟ್ಟುಕೊಂಡರೆ, ಅಳಿಸಿದಂತಿರುವ ಮುದ್ರಿತ ಅಂಕಣಗಳು ಎಲ್ಲಿವೆ ಎಂಬುದು ತಿಳಿಯುತ್ತದೆ. ಬಳಿಕ ಹಿಂದಿನ ಸಂಖ್ಯೆಯ ಬಿಲ್ಲಿನೊಡನೆ ಹೋಲಿಸಬೇಕು. ಎರಡರಲ್ಲೂ ಒಂದೇ ಆಕಾರದಲ್ಲಿ, ಒಂದೇ ಜಾಗದಲ್ಲಿ ಕಾಣುವ ಮಸುಕು ಬರಹವು ಮೇಲಿನಿಂದ ಇಳಿದದ್ದಾಗಿರುವ ಸಂಭವ ಹೆಚ್ಚು.

ಬಣ್ಣ ಮಾಸಿದ್ದರೂ ಕಾಗದದಲ್ಲಿ ಪೆನ್ನಿನ ತಗ್ಗು ಉಳಿದಿರಬಹುದು. ಕೋಣೆಯನ್ನು ಮಬ್ಬಾಗಿಸಿ, ಟಾರ್ಚನ್ನು ಹಾಳೆಯ ಮಟ್ಟಕ್ಕೆ ಹಿಡಿದು ಒಂದು ಬದಿಯಿಂದ ಬೆಳಕು ಬಿಟ್ಟರೆ ತಗ್ಗುಗಳು ನೆರಳಾಗಿ ಕಾಣುತ್ತವೆ. ಬೆಳಕಿನ ದಿಕ್ಕನ್ನು ಬದಲಿಸಿ ಮತ್ತೆ ನೋಡಬೇಕು. ತಗ್ಗಿನ ಮೇಲೆ ಪೆನ್ಸಿಲ್ ಉಜ್ಜಿದರೆ ದಾಖಲೆ ಕೆಡುತ್ತದೆ.

ಸ್ಕ್ಯಾನ್ ಮಾಡುವಾಗ ಹಾಳೆಯ ಹಿಂದೆ ಕಪ್ಪು ಕಾಗದವಿಟ್ಟರೆ ಹಿಂಬದಿಯ ಬರಹ ಅಷ್ಟಾಗಿ ಕಾಣಿಸುವುದಿಲ್ಲ. ಬಣ್ಣದ ಚಿತ್ರದಿಂದ ಕೆಂಪು ಚಾನೆಲ್ ಒಂದನ್ನೇ ಬೇರ್ಪಡಿಸಿದರೆ ಗುಲಾಬಿ ಅಥವಾ ಹಳದಿ ಹಾಳೆ ಬಿಳಿಚಿ, ನೀಲಿ ಬರಹ ಗಾಢವಾಗುತ್ತದೆ.

ಲೆಕ್ಕದಿಂದ ತಾಳೆ

ಉದಾಹರಣೆಗೆ, 118ನೇ ಬಿಲ್ಲಿನಲ್ಲಿ ಅಕ್ಕಿಯ ತೂಕ 25 ಕೆ.ಜಿ. ಎಂದೋ 28 ಕೆ.ಜಿ. ಎಂದೋ ತಿಳಿಯುತ್ತಿಲ್ಲ. ದರ 48 ರೂಪಾಯಿ ಎಂಬುದು ಸ್ಪಷ್ಟವಾಗಿದೆ. ಮೊತ್ತದಲ್ಲಿ ಕೊನೆಯ ಎರಡು ಸೊನ್ನೆಗಳು ಮಾತ್ರ ಕಾಣುತ್ತವೆ. 28ನ್ನು 48ರಿಂದ ಗುಣಿಸಿದರೆ 1,344 ಆಗುತ್ತದೆ. 25ನ್ನು ಗುಣಿಸಿದರೆ 1,200. ಆದ್ದರಿಂದ ತೂಕ 25 ಕೆ.ಜಿ. ಎಂದು ಓದಬೇಕು. 117ನೇ ಬಿಲ್ಲಿನ ಅದೇ ಜಾಗದಲ್ಲಿ 8 ಎಂಬ ಅಂಕಿ ಇದ್ದರೆ ಗೊಂದಲದ ಮೂಲವೂ ಸಿಕ್ಕಂತಾಯಿತು.

ಮಿತಿಗಳು

ಮೂಲ ಬಿಲ್ಲಿನಲ್ಲಿಯೇ ಗುಣಾಕಾರ ತಪ್ಪಿದ್ದರೆ ಈ ತಾಳೆ ದಾರಿ ತಪ್ಪಿಸುತ್ತದೆ. ಆದ್ದರಿಂದ ಒಟ್ಟು ಮೊತ್ತವನ್ನೂ ಅಕ್ಷರಗಳಲ್ಲಿ ಬರೆದ ಮೊತ್ತವನ್ನೂ ನೋಡಬೇಕು. ತೂಕ ಮತ್ತು ದರ ಎರಡೂ ಅಳಿಸಿದ್ದರೆ ಮೊತ್ತವೊಂದರಿಂದ ಅವನ್ನು ನಿರ್ಧರಿಸಲಾಗದು. ಅಂತಹ ಅಂಕಿಯನ್ನು ಪ್ರಶ್ನಾರ್ಥಕ ಚಿಹ್ನೆಯೊಡನೆ ಪ್ರತ್ಯೇಕ ಹಾಳೆಯಲ್ಲಿ ಬರೆದುಕೊಂಡು, ಖರೀದಿದಾರರ ಬಳಿಯಿರುವ ಮೂಲ ಪ್ರತಿಯೊಡನೆ ಹೋಲಿಸಬೇಕು. ಮಸುಕಾದ ಪ್ರತಿಯ ಮೇಲೆಯೇ ಪೆನ್ನಿನಿಂದ ತಿದ್ದಿದರೆ ಮೊದಲಿದ್ದ ಗುರುತು ಮುಚ್ಚಿಹೋಗಿ, ಮುಂದೆ ಪರಿಶೀಲಿಸಲು ಆಧಾರವೇ ಉಳಿಯುವುದಿಲ್ಲ.