ಬಾಟಲಿ ನಾವೇ ಊದಬೇಕಾ, ಹೊರಗಿಂದ ತರಬೇಕಾ? ಮಷಿನ್‌ಗೆ ಹಾಕಿದ ದುಡ್ಡು ಈ ಲೆಕ್ಕಕ್ಕೆ ಬರಲ್ಲ

ಚಳ್ಳಕೆರೆ: ಎಣ್ಣೆ ಮಿಲ್‌ಗಳಿಂದಲೇ ಹೆಸರು ಮಾಡಿದ ಊರು ಚಳ್ಳಕೆರೆ. ಇಲ್ಲಾಗಲಿ, ಸುತ್ತಲಿನ ತಾಲ್ಲೂಕುಗಳಲ್ಲಾಗಲಿ ಶೇಂಗಾ ಎಣ್ಣೆ ತೆಗೆದು ಬಾಟಲಿಗೆ ತುಂಬಿ ಮಾರುವ ಸಣ್ಣ ಘಟಕದವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತೆ. ಖಾಲಿ ಬಾಟಲಿ ನಾವೇ ತಯಾರು ಮಾಡ್ಕೊಳ್ಳೋದಾ, ಇಲ್ಲಾ ರೆಡಿ ಬಾಟಲಿ ತರಿಸೋದಾ?

ಪ್ರಶ್ನೆ ಸಣ್ಣದಾಗಿ ಕಂಡರೂ ಇದರಲ್ಲಿ ಲೆಕ್ಕ ತಪ್ಪಿದರೆ ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ ಗೊತ್ತಾಗದ ಹಾಗೆ ಕೈಬಿಟ್ಟು ಹೋಗುತ್ತೆ. ತಪ್ಪೋದು ಕೂಡುವ ಕಳೆಯುವ ಲೆಕ್ಕದಲ್ಲಲ್ಲ. ಯಾವ ಖರ್ಚನ್ನು ಲೆಕ್ಕಕ್ಕೆ ಹಿಡೀಬೇಕು, ಯಾವುದನ್ನು ಬಿಡಬೇಕು ಅನ್ನೋದ್ರಲ್ಲಿ.

ಒಂದು ಉದಾಹರಣೆ ತಗೊಂಡು ನೋಡೋಣ. ಇಲ್ಲಿರುವ ಅಂಕಿಗಳು ಲೆಕ್ಕ ಅರ್ಥ ಆಗಲಿ ಅಂತ ಇಟ್ಟವು. ನಿಮ್ಮ ಘಟಕದ ದರಗಳನ್ನು ಇದೇ ಜಾಗದಲ್ಲಿ ಹಾಕಿ ನೋಡಬಹುದು.

ಬಾಟಲಿ ಆಗೋದು ಹೇಗೆ?

ಸಣ್ಣ ಮಿಲ್‌ನವರು ಬಾಟಲಿಯನ್ನು ಪ್ಲಾಸ್ಟಿಕ್ ಕಾಳಿನಿಂದ ಮಾಡಲ್ಲ. ಪ್ರಿಫಾರ್ಮ್ ಅಂತ ಕೊಳ್ತಾರೆ. ಅದು ಬೆರಳುದ್ದದ ದಪ್ಪ ಪ್ಲಾಸ್ಟಿಕ್ ನಳಿಗೆ, ಮುಚ್ಚಳದ ತಿರುಪು ಮೊದಲೇ ಬಂದಿರುತ್ತೆ. ಅದನ್ನು ಹೀಟರ್‌ನಲ್ಲಿ ಮೆತ್ತಗೆ ಮಾಡಿ, ಅಚ್ಚಿನೊಳಗೆ ಇಟ್ಟು, ಕಂಪ್ರೆಸರ್‌ನಿಂದ ಜೋರು ಒತ್ತಡದ ಗಾಳಿ ಬಿಟ್ಟರೆ ಉಬ್ಬಿ ಬಾಟಲಿ ಆಗುತ್ತೆ. ಅದಕ್ಕೇ ಇದನ್ನು ಬಾಟಲಿ ಊದೋದು ಅಂತಾರೆ.

ನಮ್ಮ ಉದಾಹರಣೆಯ ಮಿಲ್ ತಿಂಗಳಿಗೆ 20,000 ಒಂದು ಲೀಟರ್ ಬಾಟಲಿ ಬಳಸುತ್ತೆ. ಮೂರು ವರ್ಷದ ಹಿಂದೆ ಊದುವ ಮಷಿನ್, ಕಂಪ್ರೆಸರ್, ಅಚ್ಚು ಎಲ್ಲ ಸೇರಿ 9.60 ಲಕ್ಷ ರೂ. ಹಾಕಿದೆ. ಈಗ ಒಬ್ಬ ಸಪ್ಲೈಯರ್ ಬಂದು, ರೆಡಿ ಬಾಟಲಿಯನ್ನು ಮಿಲ್ ಬಾಗಿಲಿಗೆ 6.50 ರೂ.ಗೆ ಕೊಡ್ತೀನಿ ಅಂದಿದ್ದಾನೆ.

ಅಕೌಂಟೆಂಟ್ ಒಂದು ಹೇಳ್ತಾರೆ, ಮಾಲೀಕರು ಇನ್ನೊಂದು

ಮಿಲ್‌ನ ಅಕೌಂಟೆಂಟ್ ಪುಸ್ತಕ ತೆಗೆದು ಒಂದು ಬಾಟಲಿ ಊದಲು ಆಗುವ ಖರ್ಚು ಬರೆದರು:

- ಪ್ರಿಫಾರ್ಮ್: 3.90 ರೂ.
- ಕರೆಂಟ್: 0.60 ರೂ.
- ಒಡೆದದ್ದು, ಸೊಟ್ಟ ಆದದ್ದು: 0.10 ರೂ.
- ರಿಪೇರಿ, ಬಿಡಿಭಾಗ: 0.15 ರೂ.
- ಆಪರೇಟರ್ ಮತ್ತು ಹೆಲ್ಪರ್ ಸಂಬಳ: 1.35 ರೂ.
- ಮಷಿನ್ ಸವಕಳಿ: 0.50 ರೂ.
- ಬಾಡಿಗೆ, ಆಫೀಸ್ ಖರ್ಚಿನ ಪಾಲು: 0.50 ರೂ.

ಒಟ್ಟು 7.10 ರೂ. ಹೊರಗಡೆ 6.50ಕ್ಕೆ ಸಿಗುತ್ತೆ. ಬಾಟಲಿಗೆ 60 ಪೈಸೆಯಂತೆ ತಿಂಗಳಿಗೆ 12,000 ರೂ. ಉಳಿಯುತ್ತೆ, ಊದೋದು ನಿಲ್ಲಿಸಿಬಿಡೋಣ ಅನ್ನೋದು ಅವರ ಮಾತು.

ಮಾಲೀಕರು ಒಪ್ಪಲ್ಲ. "ಹತ್ತಿರ ಹತ್ತಿರ ಹತ್ತು ಲಕ್ಷ ಸುರಿದಿದ್ದೀನಿ. ಹೋದ ತಿಂಗಳಷ್ಟೇ 60 ಸಾವಿರ ಹಾಕಿ ಹೀಟರ್ ಬದಲಾಯಿಸಿದ್ದೀನಿ. ಮಷಿನ್ ಸುಮ್ಮನೆ ಕೂರಿಸೋಕೆ ಆಗುತ್ತಾ?" ಅಂತಾರೆ.

ನೋಡೋಕೆ ಇಬ್ಬರದೂ ಎದುರುಬದುರು ವಾದ. ಆದರೆ ಮಾಡಿರೋ ತಪ್ಪು ಒಂದೇ. ಇಬ್ಬರೂ ಆ 9.60 ಲಕ್ಷವನ್ನು ಹಿಡ್ಕೊಂಡು ಕೂತಿದ್ದಾರೆ. ಅಕೌಂಟೆಂಟ್ ಅದನ್ನು ಸವಕಳಿ ಅಂತ ತಿಂಗಳಿಗೆ 10,000 ರೂ. ಮಾಡಿ ಬಾಟಲಿಯ ತಲೆಗೆ ಕಟ್ಟಿದ್ದಾರೆ. ಮಾಲೀಕರು ಅದೇ ದುಡ್ಡು ತೋರಿಸಿ ಊದಲೇಬೇಕು ಅಂತಿದ್ದಾರೆ.

ಮುಳುಗಿದ ದುಡ್ಡು ಅಂದರೆ ಇದು

ಈಗಾಗಲೇ ಕೊಟ್ಟಾಗಿರುವ, ಯಾವ ದಾರಿ ಹಿಡಿದರೂ ವಾಪಸ್ ಬಾರದ ದುಡ್ಡಿಗೆ ಸಂಕ್ ಕಾಸ್ಟ್ ಅಂತಾರೆ. ಕನ್ನಡದಲ್ಲಿ ಮುಳುಗಿದ ವೆಚ್ಚ ಅನ್ನಬಹುದು. ಬಾಟಲಿ ಊದಿದರೂ ಆ 9.60 ಲಕ್ಷ ಹೋಗಿದೆ, ಕೊಂಡರೂ ಹೋಗಿದೆ. ಹೀಟರ್‌ನ 60 ಸಾವಿರವೂ ಅಷ್ಟೇ.

ಇವತ್ತು ನೀವು ತಗೊಳ್ಳುವ ನಿರ್ಧಾರದಿಂದ ಮುಂದೆ ಬದಲಾಗುವ ಖರ್ಚಿಗೆ ರೆಲವೆಂಟ್ ಕಾಸ್ಟ್, ಅಂದರೆ ಸಂಬಂಧಪಟ್ಟ ವೆಚ್ಚ ಅಂತಾರೆ. ಪ್ರತಿ ಖರ್ಚಿನ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾಳೆಯಿಂದ ಊದೋದು ನಿಲ್ಲಿಸಿದರೆ ಈ ದುಡ್ಡು ನನ್ನ ಜೇಬಲ್ಲಿ ಉಳಿಯುತ್ತಾ? ಉಳಿಯುತ್ತೆ ಅಂದರೆ ಲೆಕ್ಕಕ್ಕೆ ಹಿಡಿಯಿರಿ. ಇಲ್ಲ ಅಂದರೆ ಬಿಡಿ.

ಒಂದೊಂದಾಗಿ ನೋಡೋಣ

ಪ್ರಿಫಾರ್ಮ್, ಹಾಳಾದ ಬಾಟಲಿ, ರಿಪೇರಿ ಖರ್ಚು ಊದೋದು ನಿಂತ ದಿನವೇ ನಿಲ್ಲುತ್ತೆ. ಇವು ಲೆಕ್ಕಕ್ಕೆ ಬರುತ್ತವೆ.

ಕರೆಂಟ್ ಬಿಲ್‌ನಲ್ಲಿ ಎರಡು ಭಾಗ ಇದೆ. ಸುಟ್ಟ ಯೂನಿಟ್‌ಗೆ ಕೊಡುವ ದುಡ್ಡು ಉಳಿಯುತ್ತೆ. ಆದರೆ ಮಂಜೂರಾದ ಲೋಡ್ ಮೇಲೆ ಬರುವ ನಿಗದಿತ ಶುಲ್ಕ ಮಷಿನ್ ನಿಂತರೂ ಬರ್ತಾನೇ ಇರುತ್ತೆ. ಬೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಇಳಿಸಿಕೊಂಡರೆ ಮಾತ್ರ ಅದು ಕಡಿಮೆ ಆಗೋದು. ಇಲ್ಲಿ ಹಿಡಿದಿರುವ 60 ಪೈಸೆ ಬರೀ ಯೂನಿಟ್ ದುಡ್ಡು.

ಸಂಬಳದಲ್ಲಿ ಹುಷಾರಾಗಿರಬೇಕು. ಆಪರೇಟರ್‌ಗೆ ತಿಂಗಳಿಗೆ 15,000 ರೂ. ಊದೋದು ನಿಂತರೆ ಅವನಿಗೆ ಇಲ್ಲಿ ಬೇರೆ ಕೆಲಸ ಇಲ್ಲ, ಆ ದುಡ್ಡು ಉಳಿಯುತ್ತೆ. ಹೆಲ್ಪರ್‌ಗೆ 12,000 ರೂ. ಆದರೆ ಲೇಬಲ್ ಅಂಟಿಸೋದು, ಪೆಟ್ಟಿಗೆ ಹೊರೋದು ಅಂತ ಅವನು ಹೇಗೂ ಬೇಕು, ಅವನ ಸಂಬಳ ಕೊಡಲೇಬೇಕು. ಆದ್ದರಿಂದ ಅದು ಉಳಿತಾಯ ಅಲ್ಲ.

ಬಾಡಿಗೆ, ಆಫೀಸ್ ಖರ್ಚಿನ ಪಾಲು ಪುಸ್ತಕದಲ್ಲಿ ಹಂಚಿ ಬರೆದದ್ದು ಅಷ್ಟೇ. ಊದೋದು ನಿಂತರೆ ಕಟ್ಟಡದ ಮಾಲೀಕ ಬಾಡಿಗೆ ಇಳಿಸಲ್ಲ. ಮಷಿನ್ ತೆಗೆದರೆ ಆ ಕೋಣೆ ಖಾಲಿ ಆಗುತ್ತಲ್ಲ ಅಂತ ನೀವು ಕೇಳಬಹುದು. ಆಗಲ್ಲ. ಪ್ರಿಫಾರ್ಮ್ ಆದರೆ ಸಾವಿರಾರು ತುಂಬಿಟ್ಟರೂ ಮೂಲೆಯಲ್ಲಿ ಕೂತ್ಕೊಳ್ಳುತ್ತೆ. ಊದಿದ ಖಾಲಿ ಬಾಟಲಿಯಲ್ಲಿ ಇರೋದು ಬರೀ ಗಾಳಿ, ಅಷ್ಟೇ ಸಂಖ್ಯೆಗೆ ಕೋಣೆ ತುಂಬ ಜಾಗ ಬೇಕು.

ಸಾಲದ ಕಂತೂ ಅಷ್ಟೇ. ಬಾಟಲಿ ಎಲ್ಲಿಂದ ಬಂದರೂ ಬ್ಯಾಂಕಿಗೆ ಕಂತು ಕಟ್ಟಲೇಬೇಕು, ಅದನ್ನು ಈ ಲೆಕ್ಕಕ್ಕೆ ತರಬೇಡಿ.

ಈಗ ಕೂಡಿ. ಪ್ರಿಫಾರ್ಮ್, ಕರೆಂಟ್, ಹಾಳಾದದ್ದು, ರಿಪೇರಿ ಸೇರಿ ಬಾಟಲಿಗೆ 4.75 ರೂ., 20,000 ಬಾಟಲಿಗೆ 95,000 ರೂ. ಆಪರೇಟರ್ ಸಂಬಳ 15,000 ರೂ. ಒಟ್ಟು 1,10,000 ರೂ. ಹೊರಗಿಂದ ತಂದರೆ 1,30,000 ರೂ. ಅಂದರೆ ಊದಿದರೇ ತಿಂಗಳಿಗೆ 20,000 ರೂ. ಲಾಭ. ಅಕೌಂಟೆಂಟ್ ಮಾತು ಕೇಳಿದ್ದರೆ 12,000 ಉಳಿಸೋಕೆ ಹೋಗಿ 20,000 ಕಳ್ಕೊಳ್ತಿದ್ರು.

ಮಷಿನ್ ಪುಕ್ಕಟೆ ಅಲ್ಲ

ಹಾಗಂತ ಮಾಲೀಕರ ವಾದ ಸರಿ ಅಂತಲ್ಲ. ಮಷಿನ್ ಕೊಂಡ ಬೆಲೆ ಮುಳುಗಿದೆ, ಆದರೆ ಇವತ್ತು ಮಾರಿದರೆ ಬರುವ ಬೆಲೆ ಮುಳುಗಿಲ್ಲ. ಸೆಕೆಂಡ್ ಹ್ಯಾಂಡ್‌ಗೆ ಈಗ 3.50 ಲಕ್ಷ ಬರುತ್ತೆ, ಇನ್ನು ಮೂರು ವರ್ಷ ಓಡಿಸಿ ಮಾರಿದರೆ 1.50 ಲಕ್ಷ ಬರುತ್ತೆ ಅಂದ್ಕೊಳ್ಳಿ. ಇಟ್ಟುಕೊಂಡರೆ ಮೂರು ವರ್ಷದಲ್ಲಿ 2 ಲಕ್ಷ ಇಳಿಯುತ್ತೆ, ತಿಂಗಳಿಗೆ ಸುಮಾರು 5,600 ರೂ. ಆ 3.50 ಲಕ್ಷ ಕೈಗೆ ಬಂದಿದ್ದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಹಿಡಿದರೂ 3,500 ರೂ. ಎರಡೂ ಸೇರಿ 9,100 ರೂ.

ಇದು ಊದುವ ಕಡೆಯ ನಿಜವಾದ ಖರ್ಚು. 20,000ದಲ್ಲಿ ಇದನ್ನು ಕಳೆದರೆ 10,900 ರೂ. ಉಳಿಯಿತು. ಈಗಲೂ ಊದೋದೇ ಸರಿ, ಆದರೆ ಲಾಭ ಅರ್ಧದಷ್ಟು ಕರಗಿತು.

ವ್ಯಾಪಾರ ಇಳಿದರೆ ಉತ್ತರ ತಿರುಗುತ್ತೆ

ಒಂದೊಂದು ಬಾಟಲಿ ಊದಿದಾಗ 6.50ರಲ್ಲಿ 4.75 ಕಳೆದು 1.75 ರೂ. ಉಳಿಯುತ್ತೆ. ಈ 1.75ರಲ್ಲೇ ಆಪರೇಟರ್‌ನ 15,000 ಮತ್ತು ಮಷಿನ್‌ನ 9,100, ಒಟ್ಟು 24,100 ರೂ. ದುಡಿಯಬೇಕು. ಭಾಗಿಸಿದರೆ ಸುಮಾರು 13,800 ಬಾಟಲಿ. ತಿಂಗಳಿಗೆ ಅದಕ್ಕಿಂತ ಜಾಸ್ತಿ ಬೇಕಾದರೆ ಊದಿ, ಕಡಿಮೆ ಆದರೆ ಕೊಳ್ಳಿ.

ವ್ಯಾಪಾರ 10,000 ಬಾಟಲಿಗೆ ಇಳಿದರೆ ಊದುವುದರಿಂದ ಉಳಿಯೋದು 17,500 ರೂ., ಬೇಕಾಗೋದು 24,100 ರೂ. ತಿಂಗಳಿಗೆ 6,600 ರೂ. ನಷ್ಟ. ಆಗ "ಹತ್ತು ಲಕ್ಷ ಸುರಿದಿದ್ದೀನಿ" ಅಂತ ಮಷಿನ್ ಓಡಿಸಿದರೆ ಹೋದ ದುಡ್ಡಿನ ಹಿಂದೆ ಇನ್ನಷ್ಟು ದುಡ್ಡು ಕಳಿಸಿದ ಹಾಗೆ.

ಹಬ್ಬದ ತಿಂಗಳಲ್ಲಿ ಹೆಚ್ಚು, ಬೇರೆ ತಿಂಗಳಲ್ಲಿ ಕಡಿಮೆ ಹೋಗೋದು ಇದ್ದೇ ಇದೆ. ಮಷಿನ್‌ನ ತಿಂಗಳಿಗೊಮ್ಮೆ ಮಾರಿ ಕೊಳ್ಳೋಕೆ ಆಗಲ್ಲ. ಹಾಗಾಗಿ ವರ್ಷದ ಸರಾಸರಿ ಹಿಡಿದು ನೋಡಬೇಕು.

ನಿರ್ಧಾರಕ್ಕೆ ಮೊದಲು

ಪ್ರಿಫಾರ್ಮ್ ದರ, ಬಾಟಲಿ ದರ ಎರಡನ್ನೂ ಜಿಎಸ್‌ಟಿ ಬಿಟ್ಟು ಹೋಲಿಸಿ, ಇಲ್ಲವೇ ಎರಡನ್ನೂ ಸೇರಿಸಿ. ಒಂದಕ್ಕೆ ಸೇರಿಸಿ ಒಂದಕ್ಕೆ ಬಿಟ್ಟರೆ ಮೇಲಿನ 1.75 ರೂ. ಸುಳ್ಳಾಗುತ್ತೆ. 6.50 ರೂ. ದರ ಎಷ್ಟು ತಿಂಗಳಿಗೆ ಖಾಯಂ, ಒಂದು ಸಲಕ್ಕೆ ಕನಿಷ್ಠ ಎಷ್ಟು ಬಾಟಲಿ ತಗೋಬೇಕು, ಸೀಸನ್‌ನಲ್ಲಿ ಲೋಡ್ ತಡ ಆದರೆ ಏನು ಅನ್ನೋದನ್ನೂ ಬರೆಸಿಕೊಳ್ಳಿ. ಮಷಿನ್ ಮಾರಿದ ಮೇಲೆ ಸಪ್ಲೈಯರ್ 7.50 ಅಂದರೆ ನಿಮಗೆ ಬೇರೆ ದಾರಿ ಇರಲ್ಲ. ಮಷಿನ್ ಮೇಲೆ ಸಾಲ ಅಥವಾ ಸಬ್ಸಿಡಿ ಇದ್ದರೆ ಬ್ಯಾಂಕ್ ಒಪ್ಪಿಗೆ ಇಲ್ಲದೆ ಮಾರೋಕೆ ಹೋಗಬೇಡಿ.

ಮುಂದೆ ಕಂಪ್ರೆಸರ್ ಕೆಟ್ಟು ದೊಡ್ಡ ರಿಪೇರಿಗೆ ಕೊಟೇಶನ್ ಬಂತು ಅನ್ನಿ. ಆ ದುಡ್ಡು ಇನ್ನೂ ಕೊಟ್ಟಿಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಬರುತ್ತೆ. ಮೆಕ್ಯಾನಿಕ್‌ಗೆ ಹೂಂ ಅನ್ನೋ ಮೊದಲು ಅದನ್ನು ತಿಂಗಳಿಗೆ ಹಂಚಿ, 24,100ಕ್ಕೆ ಕೂಡಿ, 1.75ರಿಂದ ಭಾಗಿಸಿ ನೋಡಿ. ಬಂದ ಸಂಖ್ಯೆಯಷ್ಟು ಬಾಟಲಿ ನಿಮ್ಮ ಮಿಲ್‌ನಿಂದ ಹೋಗುತ್ತೆ ಅಂದರೆ ರಿಪೇರಿ ಮಾಡಿಸಿ. ಇಲ್ಲವಾದರೆ ಇದ್ದ ಸ್ಥಿತಿಯಲ್ಲೇ ಬಂದ ಬೆಲೆಗೆ ಮಾರಿ, ಬಾಟಲಿ ತರಿಸಿಕೊಳ್ಳಿ.