ಸರದ ಬಿಲ್‌ನಲ್ಲಿ ಚಿನ್ನವೆಷ್ಟು, ಮೇಲುಖರ್ಚೆಷ್ಟು

ಚಿನ್ನದ ಸರದ ಬಿಲ್‌ನಲ್ಲಿ ಮುಖ್ಯವಾಗಿ ನಾಲ್ಕು ಮೊತ್ತಗಳು ಸೇರಿರುತ್ತವೆ: ಲೋಹದ ಬೆಲೆ, ವೇಸ್ಟೇಜ್, ಮಜೂರಿ ಮತ್ತು ಜಿಎಸ್‌ಟಿ. ಅಂಗಡಿಯ ಬೋರ್ಡಿನಲ್ಲಿ ಬರೆದಿರುವ ದಿನದ ದರ ಇವುಗಳಲ್ಲಿ ಮೊದಲನೆಯದನ್ನಷ್ಟೇ ಹೇಳುತ್ತದೆ. ಮುಂದೆ ಸರವನ್ನು ಮಾರಿದರೆ ಕೈಗೆ ಬರುವುದೂ ಹೆಚ್ಚುಕಡಿಮೆ ಅದೊಂದೇ. ಹಾಗಾಗಿ ಕೊಟ್ಟ ಹಣದಲ್ಲಿ ಲೋಹಕ್ಕೆ ಹೋದದ್ದೆಷ್ಟು, ಮೇಲುಖರ್ಚಿಗೆ ಹೋದದ್ದೆಷ್ಟು ಎಂಬ ಲೆಕ್ಕ ಕೊಳ್ಳುವ ಮೊದಲೇ ತಿಳಿದಿರಬೇಕು.

ಹರಳುಗಳಿಲ್ಲದ, 20 ಗ್ರಾಂ ತೂಕದ, 22 ಕ್ಯಾರೆಟ್ ಸರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ದರವನ್ನು ಗ್ರಾಂಗೆ 9,000 ರೂಪಾಯಿ ಎಂದಿಟ್ಟುಕೊಂಡರೆ ಲೋಹದ ಬೆಲೆ 1,80,000 ರೂಪಾಯಿ. 22 ಕ್ಯಾರೆಟ್ ಎಂದರೆ ಸಾವಿರ ಭಾಗದಲ್ಲಿ 916 ಭಾಗ ಶುದ್ಧ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಬೆರಕೆ. ಈ ಬೆರಕೆಯ ಲೆಕ್ಕ 22 ಕ್ಯಾರೆಟ್ ದರದಲ್ಲೇ ಕಳೆದಿರುವುದರಿಂದ ಮತ್ತೊಮ್ಮೆ ಕಳೆಯಬೇಕಿಲ್ಲ.

ಅಂಗಡಿಯವರು ಶೇ 12 ವೇಸ್ಟೇಜ್ ಹಾಕಿದರೆನ್ನೋಣ. 20 ಗ್ರಾಂಗೆ ಅದು 2.4 ಗ್ರಾಂ, ಹಣದಲ್ಲಿ 21,600 ರೂಪಾಯಿ. ಮಜೂರಿ ಗ್ರಾಂಗೆ 400 ರೂಪಾಯಿಯಂತೆ 8,000. ಮೂರೂ ಸೇರಿ 2,09,600. ಇದರ ಮೇಲೆ ಶೇ 3ರಂತೆ ಜಿಎಸ್‌ಟಿ 6,288. ಹಾಲ್‌ಮಾರ್ಕ್ ಶುಲ್ಕ 45 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಈ ಮೊತ್ತದ ಮುಂದೆ ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಎಲ್ಲ ಕೂಡಿ ಬಿಲ್ ಸುಮಾರು 2,15,940 ರೂಪಾಯಿ ಆಗುತ್ತದೆ. ಲೋಹದ ಬೆಲೆಗಿಂತ ಸುಮಾರು 35,940 ರೂಪಾಯಿ ಜಾಸ್ತಿ, ಅಂದರೆ ಶೇ 20ರಷ್ಟು. ಗ್ರಾಂಗೆ 9,000 ಎಂದು ಬೋರ್ಡ್ ನೋಡಿ ಒಳಗೆ ಹೋದವರು ನಿಜವಾಗಿ ಗ್ರಾಂಗೆ ಸುಮಾರು 10,800 ಕೊಟ್ಟು ಹೊರಬರುತ್ತಾರೆ.

ಈ ಹೆಚ್ಚುವರಿಯಲ್ಲಿ ದೊಡ್ಡ ಪಾಲು ವೇಸ್ಟೇಜಿನದು. ಗಿರಾಕಿಗಳು ಪ್ರಶ್ನಿಸದೆ ಒಪ್ಪಿಕೊಳ್ಳುವುದೂ ಅದನ್ನೇ. ಅದರ ಮೂಲ ಅಕ್ಕಸಾಲಿಗನ ಕೆಲಸದಲ್ಲಿದೆ. ಮೂಸೆಯಲ್ಲಿ ಕರಗಿಸುವಾಗ, ತಂತಿ ಎಳೆಯುವಾಗ, ಅರದಿಂದ ಉಜ್ಜುವಾಗ, ಬೆಸುಗೆ ಹಾಕಿ ಮೆರುಗು ಕೊಡುವಾಗ ಒಂದಿಷ್ಟು ಚಿನ್ನ ಪುಡಿಯಾಗಿ ಉದುರುತ್ತದೆ. ಆದರೆ ಉದುರಿದ್ದೆಲ್ಲ ಹಾಳಾಗಿ ಹೋಗುವುದಿಲ್ಲ. ಕೆಲಸದ ಜಾಗದ ಧೂಳನ್ನೂ ಗುಡಿಸಿಟ್ಟು, ಅದರಿಂದ ಚಿನ್ನವನ್ನು ಮತ್ತೆ ಬೇರ್ಪಡಿಸುತ್ತಾರೆ. ಯಂತ್ರದಲ್ಲಿ ತಯಾರಾಗುವ ಸರಗಳಲ್ಲಂತೂ ನಷ್ಟ ಇನ್ನೂ ಕಡಿಮೆ. ಹಾಗಾಗಿ ಬಿಲ್‌ನಲ್ಲಿ ಕಾಣುವ ಶೇ 12 ಅಥವಾ 18 ಎಂಬ ಅಂಕಿಯನ್ನು ನಿಜವಾಗಿ ನಷ್ಟವಾದ ಚಿನ್ನದ ಅಳತೆ ಎಂದು ನಂಬಬೇಕಿಲ್ಲ. ವಿನ್ಯಾಸ, ಕೈಕೆಲಸ, ಅಂಗಡಿಯ ಖರ್ಚು, ಲಾಭ ಎಲ್ಲವನ್ನೂ ಈ ಒಂದು ಹೆಸರಿನಡಿ ವಸೂಲು ಮಾಡುವ ರೂಢಿಯಿದೆ. ಅದಕ್ಕೇ ಇದರಲ್ಲಿ ಚೌಕಾಸಿಗೆ ಜಾಗವಿರುತ್ತದೆ. ನಿಜವಾಗಿಯೂ ಕಳೆದುಹೋದ ಚಿನ್ನವಾಗಿದ್ದರೆ ಕೇಳಿದ ತಕ್ಷಣ ಶೇ 2 ಇಳಿಸಲು ಸಾಧ್ಯವಾಗುತ್ತಿರಲಿಲ್ಲ.

ಶೇಕಡಾ ಲೆಕ್ಕದ ವೇಸ್ಟೇಜಿಗೆ ಇನ್ನೊಂದು ಗುಣವಿದೆ. ಚಿನ್ನದ ದರ ಏರಿದ ಹಾಗೆ ಅದೂ ಏರುತ್ತದೆ. ಇದೇ ಸರಕ್ಕೆ ಗ್ರಾಂಗೆ 5,000 ರೂಪಾಯಿ ದರವಿದ್ದಾಗ ವೇಸ್ಟೇಜ್ 12,000 ಆಗುತ್ತಿತ್ತು, 9,000 ಆದಾಗ 21,600. ಸರ ಅದೇ, ಕೆಲಸ ಅದೇ, ಕುಸುರಿಯೂ ಅದೇ. ಮಜೂರಿಯನ್ನು ಗ್ರಾಂಗೆ ಇಷ್ಟು ರೂಪಾಯಿ ಎಂದು ನಿಗದಿ ಮಾಡಿದ್ದರೆ ಹೀಗಾಗುವುದಿಲ್ಲ.

‘ವೇಸ್ಟೇಜ್ ಇಲ್ಲ’ ಎಂಬ ಜಾಹೀರಾತನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಪಕ್ಕದ ಅಂಗಡಿಯಲ್ಲಿ ವೇಸ್ಟೇಜ್ ಸೊನ್ನೆ, ಮಜೂರಿ ಮಾತ್ರ ಗ್ರಾಂಗೆ 1,550 ಎಂದಿದ್ದರೆ 20 ಗ್ರಾಂಗೆ 31,000 ರೂಪಾಯಿ ಆಯಿತು. ಮೊದಲ ಅಂಗಡಿಯಲ್ಲಿ ವೇಸ್ಟೇಜ್, ಮಜೂರಿ ಎರಡೂ ಸೇರಿ 29,600 ಇತ್ತು. ಸೊನ್ನೆಯ ಅಂಗಡಿಯೇ ತೆರಿಗೆ ಸೇರಿ 1,442 ರೂಪಾಯಿ ದುಬಾರಿ. ಬಿಡಿ ಅಂಕಿಗಳನ್ನು ಹೋಲಿಸುವ ಬದಲು ಬಿಲ್‌ನ ಒಟ್ಟು ಮೊತ್ತವನ್ನು ನಿವ್ವಳ ತೂಕ ಮತ್ತು ಆ ದಿನದ ದರದ ಗುಣಲಬ್ಧದಿಂದ ಭಾಗಿಸಿದರೆ ಉತ್ತರ ನೇರವಾಗಿ ಸಿಗುತ್ತದೆ. ಮೊದಲ ಅಂಗಡಿಯಲ್ಲಿ ಇದು 1.20. ಯಾವ ಅಂಗಡಿಯದು ಒಂದಕ್ಕೆ ಹೆಚ್ಚು ಹತ್ತಿರವೋ ಅಲ್ಲಿ ಹಣ ಹೆಚ್ಚಾಗಿ ಚಿನ್ನಕ್ಕೇ ಹೋಗುತ್ತಿದೆ ಎಂದರ್ಥ. ಹೋಲಿಸುವ ಎರಡೂ ಸರಗಳು ಒಂದೇ ಬಗೆಯ ಕೆಲಸದವಾಗಿರಬೇಕು ಅಷ್ಟೆ. ಕೈಯಲ್ಲಿ ಕುಸುರಿ ಮಾಡಿದ ಟೆಂಪಲ್ ವಿನ್ಯಾಸದ ಹಾರವನ್ನು ಯಂತ್ರದ ಚೈನಿನ ಪಕ್ಕ ಇಟ್ಟು ದುಬಾರಿ ಎನ್ನುವುದು ನ್ಯಾಯವಲ್ಲ.

ಹರಳು, ಮುತ್ತು, ಅರಗು ಇರುವ ಸರಗಳಲ್ಲಿ ಲೆಕ್ಕ ತಪ್ಪುವುದು ತೂಕದ ಹಂತದಲ್ಲೇ. ಒಟ್ಟು ತೂಕ 24 ಗ್ರಾಂ, ಅದರಲ್ಲಿ ಹರಳು 4 ಗ್ರಾಂ ಎಂದಾದರೆ ಚಿನ್ನ 20 ಗ್ರಾಂ ಮಾತ್ರ. ಹರಳನ್ನೂ ಚಿನ್ನದ ದರದಲ್ಲೇ ತೂಗಿದರೆ 36,000 ರೂಪಾಯಿ ಗಾಳಿಗೆ ಹೋದ ಹಾಗೆ. ಅಷ್ಟು ಬಹಿರಂಗವಾಗಿ ಹೀಗಾಗುವುದು ಅಪರೂಪವಿರಬಹುದು, ಆದರೆ ಚಿನ್ನದ ಬೆಲೆಯನ್ನು 20 ಗ್ರಾಂಗೆ ಹಾಕಿ ವೇಸ್ಟೇಜನ್ನು 24 ಗ್ರಾಂಗೆ ಹಾಕಿದರೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಮ್ಮ ದರದಲ್ಲಿ ಆ ವ್ಯತ್ಯಾಸ ತೆರಿಗೆ ಸೇರಿ ಸುಮಾರು 4,450 ರೂಪಾಯಿ. ಹಾಲ್‌ಮಾರ್ಕ್ ಇರುವ ಒಡವೆಯ ಬಿಲ್‌ನಲ್ಲಿ ಲೋಹದ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕಗಳನ್ನು ಬೇರೆಬೇರೆಯಾಗಿ ತೋರಿಸಬೇಕೆಂಬ ನಿಯಮವಿದೆ. ಒಡವೆಯ ಮೇಲೆ ಕೊರೆದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಶುದ್ಧತೆಯ ವಿವರ ಸಿಗುತ್ತದೆ. ತೂಕ, ವೇಸ್ಟೇಜುಗಳ ಲೆಕ್ಕ ಸರಿಯಿದೆಯೇ ಎಂಬುದನ್ನು ಮಾತ್ರ ಗಿರಾಕಿಯೇ ನೋಡಿಕೊಳ್ಳಬೇಕು.

ತೆರಿಗೆ ಶೇ 3 ಎಂದರೆ ಚಿನ್ನದ ಮೇಲಷ್ಟೇ ಅಲ್ಲ, ವೇಸ್ಟೇಜ್ ಮತ್ತು ಮಜೂರಿಯ ಮೇಲೂ ಬೀಳುತ್ತದೆ. ನಮ್ಮ ಸರದ 6,288 ರೂಪಾಯಿಯಲ್ಲಿ 888 ಇವೆರಡರ ಮೇಲಿನದು. ಅಂಗಡಿಯವರ ಜೊತೆ ಚೌಕಾಸಿ ಮಾಡಿ ವೇಸ್ಟೇಜ್ ಇಳಿಸಿಕೊಂಡರೆ ತೆರಿಗೆಯೂ ತುಸು ಇಳಿಯುತ್ತದೆ.

ಮಾರಲು ಹೋದಾಗ ಲೆಕ್ಕ ಉಲ್ಟಾ ಆಗುತ್ತದೆ. ಕೊಳ್ಳುವಾಗ ಸೇರಿಸಿದ್ದ ವೇಸ್ಟೇಜ್ ವಾಪಸ್ ಬರುವುದಿಲ್ಲ, ಮಜೂರಿ ಮತ್ತು ತೆರಿಗೆಯೂ ಬರುವುದಿಲ್ಲ. ಅಷ್ಟೇ ಅಲ್ಲದೆ, ಕರಗಿಸುವಾಗಿನ ನಷ್ಟ ಎಂದು ಅಂಗಡಿಯವರು ತೂಕದಲ್ಲಿ ಇನ್ನಷ್ಟು ಕಳೆಯುವುದುಂಟು. ಈ ಕಡಿತ ಶೇ 2 ಎಂದುಕೊಂಡರೆ 20 ಗ್ರಾಂ ಸರಕ್ಕೆ 19.6 ಗ್ರಾಂ ಬೆಲೆ. ದರ ಬದಲಾಗದೆ ಮರುದಿನವೇ ಮಾರಿದರೆ ಸಿಗುವುದು 1,76,400 ರೂಪಾಯಿ, ಅಂದರೆ ಕೊಟ್ಟದ್ದಕ್ಕಿಂತ ಸುಮಾರು 39,500 ಕಡಿಮೆ. ಕೊಟ್ಟ ಹಣ ಪೂರ್ತಿ ಮರಳಬೇಕಾದರೆ ದರ ಗ್ರಾಂಗೆ 9,000ದಿಂದ ಸುಮಾರು 11,020ಕ್ಕೆ, ಅಂದರೆ ಶೇ 22ಕ್ಕೂ ಹೆಚ್ಚು ಏರಬೇಕು.

ಹಳೆಯ ಸರ ಕೊಟ್ಟು ಹೊಸದನ್ನು ಮಾಡಿಸಿಕೊಂಡರೂ ಈ ನಷ್ಟ ತಪ್ಪುವುದಿಲ್ಲ. ಹಳೆಯದಕ್ಕೆ ಪೂರ್ತಿ ತೂಕ ಹಿಡಿಯುತ್ತೇವೆ ಎಂದು ಅಂಗಡಿಯವರು ಹೇಳಿದರೂ ಹೊಸ ಒಡವೆಗೆ ವೇಸ್ಟೇಜ್, ಮಜೂರಿ ಮೊದಲಿನಂತೆಯೇ ಬೀಳುತ್ತವೆ. ಗಿರವಿ ಇಡುವಾಗಲೂ ಅಷ್ಟೆ: ಬ್ಯಾಂಕಿನವರು ಹರಳು ಕಳೆದು ಚಿನ್ನದ ತೂಕವನ್ನಷ್ಟೇ ಹಿಡಿದು ಬೆಲೆ ಕಟ್ಟುತ್ತಾರೆ, 29,600 ರೂಪಾಯಿಯ ವೇಸ್ಟೇಜ್, ಮಜೂರಿಗಳಿಗೆ ಒಂದು ರೂಪಾಯಿ ಸಾಲವೂ ಹುಟ್ಟುವುದಿಲ್ಲ.