ಪ್ರತಿ ಸಾಲಿಗೂ ಅದರದೇ ಗರಿಷ್ಠ

ಸ್ಪ್ರೆಡ್‌ಶೀಟಿನಲ್ಲಿ ಸೆಲ್ಲಿನೊಳಗಿನ ಮೌಲ್ಯವನ್ನು ನೋಡಿಕೊಂಡು ತಾನಾಗಿಯೇ ಬಣ್ಣ ಹಚ್ಚುವ ಏರ್ಪಾಡಿಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಎಂದು ಹೆಸರು. ಇಡೀ ಕೋಷ್ಟಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿಗೆ ಬಣ್ಣ ಬರಬೇಕೆಂದರೆ ಅದಕ್ಕೆ ಸಿದ್ಧ ನಿಯಮವೇ ಇದೆ. ಒಂದೊಂದು ಸಾಲಿನಲ್ಲೂ ಆ ಸಾಲಿನ ಮಟ್ಟಿಗೆ ದೊಡ್ಡದಾದ ಅಂಕಿಗೆ ಬಣ್ಣ ಬರಬೇಕೆಂದರೆ ಮಾತ್ರ ಸಿದ್ಧ ನಿಯಮ ಸಾಲದು, ಒಂದು ಪುಟ್ಟ ಫಾರ್ಮುಲಾ ಬರೆಯಬೇಕಾಗುತ್ತದೆ. ಅದರ ಅಗತ್ಯ ಎಷ್ಟೆಂಬುದು ಮಳೆಯ ಪಟ್ಟಿಯೊಂದರಲ್ಲಿ ಚೆನ್ನಾಗಿ ಕಾಣುತ್ತದೆ. ಕೆಳಗಿನವು ಮಿಲಿಮೀಟರ್ ಲೆಕ್ಕದ ಮಾದರಿ ಅಂಕಿಗಳು. ಆಯಾ ಊರಿನ ಮಳೆಯ ರೀತಿಗೆ ಹೊಂದುವಂತೆ ದುಂಡಾಗಿಸಿ ಕೊಟ್ಟಿದೆ.

| ಊರು | ಜೂನ್ | ಜುಲೈ | ಆಗಸ್ಟ್ | ಸೆಪ್ಟೆಂಬರ್ | ಅಕ್ಟೋಬರ್ | ನವೆಂಬರ್ |
|---|---|---|---|---|---|---|
| ಮಂಗಳೂರು | 950 | 1050 | 750 | 300 | 200 | 70 |
| ಬೆಂಗಳೂರು | 90 | 110 | 140 | 200 | 170 | 50 |
| ಚೆನ್ನೈ | 60 | 100 | 140 | 130 | 280 | 380 |

ಊರಿನ ಹೆಸರು A ಕಾಲಂನಲ್ಲಿ, ತಿಂಗಳುಗಳು B ಯಿಂದ G ವರೆಗೆ, ಮಂಗಳೂರು 2ನೇ ಸಾಲಿನಲ್ಲಿ ಇವೆ ಎಂದಿಟ್ಟುಕೊಂಡರೆ ಅಂಕಿಗಳಿರುವ ಜಾಗ B2:G4. ಎಕ್ಸೆಲ್‌ನ `Top 10 Items` ನಿಯಮವನ್ನು ಇದಕ್ಕೆ ಹಚ್ಚಿ, 10ರ ಬದಲು 3 ಎಂದು ಕೊಟ್ಟರೆ ಬಣ್ಣ ಬರುವುದು ಮಂಗಳೂರಿನ ಜೂನ್, ಜುಲೈ, ಆಗಸ್ಟ್‌ಗಳಿಗೆ. 6 ಎಂದು ಕೊಟ್ಟರೂ ಬೆಂಗಳೂರಿನ ಒಂದು ಅಂಕಿಯೂ ಬಣ್ಣ ಕಾಣುವುದಿಲ್ಲ. ಆಯ್ದ ಜಾಗವನ್ನೆಲ್ಲ ಒಂದೇ ಗುಂಪೆಂದು ನೋಡುವುದು ಆ ನಿಯಮದ ಸ್ವಭಾವ. ಕರಾವಳಿಯ ಮಳೆಯ ಮುಂದೆ ಬಯಲುಸೀಮೆಯ ಮಳೆ ಲೆಕ್ಕಕ್ಕೇ ಬಾರದು. ಯಾವ ಊರಿನಲ್ಲಿ ಯಾವ ತಿಂಗಳು ಮಳೆ ಜೋರು ಎಂಬುದೇ ಪ್ರಶ್ನೆಯಾದರೆ, ಪ್ರತಿ ಅಂಕಿಯನ್ನೂ ಅದರ ಸಾಲಿನ ಅಂಕಿಗಳೊಂದಿಗಷ್ಟೇ ಹೋಲಿಸಬೇಕು. ಪ್ರತಿ ಸಾಲನ್ನೂ ಬೇರೆಬೇರೆಯಾಗಿ ಆಯ್ದು ಸಿದ್ಧ ನಿಯಮವನ್ನೇ ಮತ್ತೆ ಮತ್ತೆ ಹಚ್ಚಬಹುದು, ನಿಜ. ಮೂರು ಸಾಲಿಗೆ ಅದು ನಡೆದೀತು, ಮುನ್ನೂರಕ್ಕೆ ನಡೆಯದು.

ಒಂದೇ ಸಲಕ್ಕೆ ಮುಗಿಯುವ ದಾರಿ ಹೀಗಿದೆ. ಮೊದಲು B2 ಸೆಲ್ಲಿನಿಂದ ಶುರುಮಾಡಿ G4 ವರೆಗೆ ಎಳೆದು ಆಯ್ಕೆ ಮಾಡಬೇಕು. ಎಕ್ಸೆಲ್‌ನಲ್ಲಿ `Home` ಟ್ಯಾಬಿನ `Conditional Formatting` ಒತ್ತಿ, `New Rule` ಆಯ್ದು, ಅಲ್ಲಿ `Use a formula to determine which cells to format` ಎಂಬ ಕೊನೆಯ ಬಗೆಯನ್ನು ಹಿಡಿಯಬೇಕು. ಪೆಟ್ಟಿಗೆಯಲ್ಲಿ ಈ ಫಾರ್ಮುಲಾ ಬರೆದು, `Format` ಗುಂಡಿಯಿಂದ ಬಣ್ಣ ಆರಿಸಿದರೆ ಕೆಲಸ ಮುಗಿಯಿತು.

```
=B2=MAX($B2:$G2)
```

ಗೂಗಲ್ ಶೀಟ್ಸ್‌ನಲ್ಲೂ ಫಾರ್ಮುಲಾ ಇದೇ. ಅಲ್ಲಿ `Format` ಮೆನುವಿನ `Conditional formatting` ತೆರೆದು `Custom formula is` ಎಂಬುದನ್ನು ಆರಿಸಬೇಕು.

ಮೊದಲ ಸಮಚಿಹ್ನೆ ಇದು ಫಾರ್ಮುಲಾ ಎಂದು ತಿಳಿಸುತ್ತದೆ, ಎರಡನೆಯದು ಪ್ರಶ್ನೆ ಕೇಳುತ್ತದೆ: ಈ ಸೆಲ್ಲಿನ ಅಂಕಿ, ಈ ಸಾಲಿನ ಗರಿಷ್ಠ ಎರಡೂ ಒಂದೇ ಏನು? ಉತ್ತರ ಹೌದಾದರೆ ಬಣ್ಣ, ಅಲ್ಲವಾದರೆ ಇಲ್ಲ. ಫಾರ್ಮುಲಾವನ್ನು ಬರೆಯುವುದು ಒಂದೇ ಸಲವಾದರೂ ಆಯ್ಕೆಯಲ್ಲಿರುವ 18 ಸೆಲ್‌ಗಳಲ್ಲೂ ಅದು ಪ್ರತ್ಯೇಕವಾಗಿ ನಡೆಯುತ್ತದೆ. ಹಾಗೆ ನಡೆಯುವಾಗ ಡಾಲರ್ ಚಿಹ್ನೆ ಹಿಂದಿಲ್ಲದ ಅಕ್ಷರವೂ ಸಂಖ್ಯೆಯೂ ಸೆಲ್ಲಿನ ಜೊತೆಗೇ ಸರಿಯುತ್ತವೆ, ಡಾಲರ್ ಇದ್ದದ್ದು ನಿಂತಲ್ಲೇ ನಿಲ್ಲುತ್ತದೆ. E3 ಸೆಲ್ಲಿಗೆ, ಅಂದರೆ ಬೆಂಗಳೂರಿನ ಸೆಪ್ಟೆಂಬರಿಗೆ, ಇದೇ ಫಾರ್ಮುಲಾ `=E3=MAX($B3:$G3)` ಆಗುತ್ತದೆ. ಕಾಲಂ ಅಕ್ಷರಗಳಿಗೆ ಬೀಗ ಬಿದ್ದಿರುವುದರಿಂದ ಹೋಲಿಕೆ ಜೂನ್‌ನಿಂದ ನವೆಂಬರ್ ವರೆಗೇ ಉಳಿಯಿತು. ಸಾಲಿನ ಸಂಖ್ಯೆ ಬಿಡುವಾಗಿರುವುದರಿಂದ 2 ಹೋಗಿ 3 ಆಯಿತು. 200 ಎಂಬುದು ಆ ಸಾಲಿನ ಗರಿಷ್ಠವಾದ್ದರಿಂದ ಬಣ್ಣ ಬಂತು. ಹೀಗೆ ಮಂಗಳೂರಿಗೆ ಜುಲೈ, ಬೆಂಗಳೂರಿಗೆ ಸೆಪ್ಟೆಂಬರ್, ಚೆನ್ನೈಗೆ ನವೆಂಬರ್ ಎದ್ದು ಕಾಣುತ್ತವೆ. ನೈರುತ್ಯ ಮುಂಗಾರಿನ ಊರು ಯಾವುದು, ಈಶಾನ್ಯ ಮಾರುತದ ಊರು ಯಾವುದು ಎಂಬುದನ್ನು ಬಣ್ಣವೇ ಹೇಳಿಬಿಡುತ್ತದೆ.

ಕೆಡುವುದು ಬಹುಪಾಲು ಈ ಡಾಲರ್ ಚಿಹ್ನೆಯಲ್ಲೇ. ಎಕ್ಸೆಲ್‌ನ ಪೆಟ್ಟಿಗೆಯಲ್ಲಿ ಟೈಪ್ ಮಾಡುವ ಬದಲು ಮೌಸಿನಿಂದ ಸೆಲ್‌ಗಳನ್ನು ಎಳೆದು ತೋರಿಸಿದರೆ ಅದು ತಾನಾಗಿಯೇ `$B$2:$G$2` ಎಂದು ಎಲ್ಲಕ್ಕೂ ಬೀಗ ಹಾಕುತ್ತದೆ. ಆಗ ಬೆಂಗಳೂರು, ಚೆನ್ನೈಗಳ ಅಂಕಿಗಳೂ ಮಂಗಳೂರಿನ 1050ರೊಡನೆ ಹೋಲಿಕೆಗೆ ನಿಲ್ಲುತ್ತವೆ. ಮೊದಲ ಸಾಲಿಗೆ ಬಣ್ಣ ಬಂದು ಉಳಿದ ಸಾಲುಗಳು ಖಾಲಿ ಉಳಿದರೆ ಕಾರಣ ಬಹುಶಃ ಇದೇ. ಡಾಲರನ್ನು ಪೂರ್ತಿ ಬಿಟ್ಟು `=B2=MAX(B2:G2)` ಎಂದು ಬರೆದರೆ ತೊಂದರೆ ಇನ್ನೊಂದು ಬಗೆಯದು. C2ಗೆ ಬಂದಾಗ ಅದು C2:H2 ಆಗುತ್ತದೆ, D2ಗೆ D2:I2. ಅಂದರೆ ಪ್ರತಿ ತಿಂಗಳೂ ತನ್ನ ಬಲಗಡೆಯ ತಿಂಗಳುಗಳೊಂದಿಗೆ ಮಾತ್ರ ಹೋಲಿಕೆಯಾಗುತ್ತದೆ. H ಕಾಲಂನಿಂದಾಚೆ ಏನೂ ಇಲ್ಲದಿದ್ದರೆ ಮಂಗಳೂರಿನಲ್ಲಿ ಜುಲೈಯಿಂದ ನವೆಂಬರ್ ವರೆಗೆ ಐದಕ್ಕೈದೂ ಬಣ್ಣ ಪಡೆಯುತ್ತವೆ, ಬೆಂಗಳೂರಿನಲ್ಲಿ ಕೊನೆಯ ಮೂರು. ಚೆನ್ನೈ ಸಾಲು ಮಾತ್ರ ಸರಿಯಾಗಿಯೇ ಕಾಣುತ್ತದೆ, ಅಲ್ಲಿ ಗರಿಷ್ಠವೇ ಕಟ್ಟಕಡೆಯಲ್ಲಿದೆ! ಒಂದೇ ಸಾಲು ನೋಡಿ ನಿಯಮ ಸರಿಯಿದೆ ಎಂದುಕೊಳ್ಳುವುದು ಅದಕ್ಕೇ ಅಪಾಯ.

ಆಯ್ಕೆಯನ್ನು ಎಲ್ಲಿಂದ ಶುರುಮಾಡಿದ್ದೆಂಬುದೂ ಎಕ್ಸೆಲ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ. ಫಾರ್ಮುಲಾ ಬರೆಯುವ ಹೊತ್ತಿಗೆ ಯಾವ ಸೆಲ್ ಸಕ್ರಿಯವಾಗಿದೆಯೋ ಅದಕ್ಕೇ ಬರೆದದ್ದೆಂದು ಅದು ತಿಳಿಯುತ್ತದೆ. G4ನಿಂದ ಹಿಮ್ಮುಖವಾಗಿ B2 ವರೆಗೆ ಎಳೆದು ಆಯ್ದರೆ ಸಕ್ರಿಯ ಸೆಲ್ G4. ಅದರಿಂದ B2 ಎಷ್ಟು ದೂರವೋ ಅಷ್ಟೇ ದೂರವನ್ನು ಎಲ್ಲ ಸೆಲ್‌ಗಳಿಗೂ ಅನ್ವಯಿಸಿ, ಹಾಳೆಯ ಮೇಲಂಚು ದಾಟಿ, ತಳದ ಸಾಲಿಗೆ ಹೋಗಿಬಿಡುತ್ತದೆ. `Manage Rules` ತೆರೆದಾಗ ಫಾರ್ಮುಲಾದಲ್ಲಿ 1048576 ಎಂಬಂಥ ವಿಚಿತ್ರ ಸಾಲಿನ ಸಂಖ್ಯೆ ಕಂಡರೆ ಆದದ್ದು ಇದೇ. ಅದು ಎಕ್ಸೆಲ್ ಹಾಳೆಯ ಕೊನೆಯ ಸಾಲು. ಗೂಗಲ್ ಶೀಟ್ಸ್ ಆಯ್ಕೆಯ ಎಡಮೇಲಿನ ಸೆಲ್ಲನ್ನೇ ಯಾವಾಗಲೂ ಆಧಾರವಾಗಿ ಇಟ್ಟುಕೊಳ್ಳುವುದರಿಂದ ಅಲ್ಲಿ ಈ ಗೋಜಿಲ್ಲ.

ನಿಯಮ ಸರಿಯಿದ್ದರೂ ಅಂಕಿಗಳು ಕೈಕೊಡಬಹುದು. ಹಾಸನ ಎಂದು 5ನೇ ಸಾಲಿನಲ್ಲಿ ಹೆಸರು ಬರೆದು, ನಿಯಮವನ್ನು ಅಲ್ಲಿಗೂ ಹಬ್ಬಿಸಿ, ಅಂಕಿಗಳನ್ನು ಇನ್ನೂ ತುಂಬದೆ ಬಿಟ್ಟರೆ ಆರೂ ಸೆಲ್‌ಗಳು ಬಣ್ಣ ತಳೆಯುತ್ತವೆ. ಅಂಕಿಗಳೇ ಇಲ್ಲದಾಗ `MAX` ಸೊನ್ನೆ ಕೊಡುತ್ತದೆ, ಖಾಲಿ ಸೆಲ್ಲನ್ನೂ ಹೋಲಿಕೆಯಲ್ಲಿ ಸೊನ್ನೆಯೆಂದೇ ಎಣಿಸಲಾಗುತ್ತದೆ. ಸೆಲ್ಲಿನಲ್ಲಿ ನಿಜಕ್ಕೂ ಸಂಖ್ಯೆ ಇದೆಯೇ ಎಂಬ ಷರತ್ತನ್ನೂ ಸೇರಿಸಿದರೆ ಇದು ನಿಲ್ಲುತ್ತದೆ:

```
=AND(ISNUMBER(B2),B2=MAX($B2:$G2))
```

ಪಠ್ಯವಾಗಿ ಕೂತ ಅಂಕಿಯದು ಇದಕ್ಕೆ ತಿರುಗುಮುರುಗು. “1050 ಮಿಮೀ” ಎಂದು ಸೆಲ್ಲಿನಲ್ಲೇ ಬರೆದುಬಿಟ್ಟರೆ `MAX` ಅದನ್ನು ಗಮನಿಸುವುದೇ ಇಲ್ಲ, ಬಣ್ಣ 950ಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಸಂಖ್ಯೆ ಸೆಲ್ಲಿನ ಬಲಕ್ಕೂ ಪಠ್ಯ ಎಡಕ್ಕೂ ಅಂಟಿಕೊಳ್ಳುವುದರಿಂದ, ಎಡಕ್ಕೆ ವಾಲಿದ ಅಂಕಿ ಕಂಡರೆ ಅನುಮಾನಿಸಬೇಕು. ಸಾಲಿನಲ್ಲಿ `#N/A`ಯಂಥ ದೋಷ ಒಂದಿದ್ದರೂ `MAX` ದೋಷವನ್ನೇ ಕೊಡುತ್ತದೆ, ಆ ಸಾಲು ಪೂರ್ತಿ ಬಣ್ಣವಿಲ್ಲದೆ ಉಳಿಯುತ್ತದೆ. ಒಂದೇ ಗರಿಷ್ಠ ಎರಡು ತಿಂಗಳಲ್ಲಿ ಬಂದರೆ ಎರಡಕ್ಕೂ ಬಣ್ಣ. ಅದು ದೋಷವಲ್ಲ, ನ್ಯಾಯವೇ. ಎರಡೂ 200 ಎಂದು ಕಾಣುತ್ತಿದ್ದು ಒಂದಕ್ಕಷ್ಟೇ ಬಣ್ಣ ಬಂದಿದ್ದರೆ, ಕಾಣದಂತೆ ಅಡಗಿಸಿದ ದಶಮಾಂಶ ಒಂದರಲ್ಲಿ ಹೆಚ್ಚಿದೆ ಎಂದರ್ಥ.

H ಕಾಲಂನಲ್ಲಿ ಒಟ್ಟು ಮಳೆಯನ್ನು ಹಾಕಿದ್ದರೆ ಅದನ್ನು ಫಾರ್ಮುಲಾದ ವ್ಯಾಪ್ತಿಗೆ ಸೇರಿಸಬಾರದು. ಒಟ್ಟು ಮೊತ್ತ ಯಾವ ತಿಂಗಳಿಗಿಂತಲೂ ದೊಡ್ಡದಾದ್ದರಿಂದ ಪ್ರತಿ ಸಾಲಿನಲ್ಲೂ ಬಣ್ಣವನ್ನು ಅದೇ ಕಸಿದುಕೊಳ್ಳುತ್ತದೆ. ಇನ್ನು ಸಾಲುಗಳನ್ನು ಕಾಪಿ ಮಾಡಿ ಅಲ್ಲಲ್ಲಿ ಪೇಸ್ಟ್ ಮಾಡುತ್ತ ಹೋದರೆ ಎಕ್ಸೆಲ್‌ನಲ್ಲಿ ಒಂದೇ ನಿಯಮ ಚೂರುಚೂರಾಗಿ, `Manage Rules` ಪಟ್ಟಿಯಲ್ಲಿ ಅದೇ ಫಾರ್ಮುಲಾ ಹಲವು ಸಲ ಕಾಣಿಸಿಕೊಳ್ಳುತ್ತದೆ. ಆಗ ಒಂದನ್ನು ಉಳಿಸಿ ಮಿಕ್ಕವನ್ನು ಅಳಿಸಿ, ಉಳಿದದ್ದರ `Applies to` ಜಾಗದಲ್ಲಿ ಇಡೀ ವ್ಯಾಪ್ತಿಯನ್ನು `=$B$2:$G$5` ಎಂದು ಬರೆದರೆ ಸಾಕು. ಇಲ್ಲಿ ಮಾತ್ರ ಎಲ್ಲ ಡಾಲರ್‌ಗಳೂ ಇರಬಹುದು, ಏಕೆಂದರೆ ಇದು ನಿಯಮ ಎಲ್ಲಿ ನಡೆಯಬೇಕೆಂಬ ವಿಳಾಸವಷ್ಟೇ.